ಮಕ್ಕಳಿಗೆ ಮನೆ ಬರೆದುಕೊಡುವ ಮುನ್ನ: ಉಯಿಲೋ, ದಾನಪತ್ರವೋ?

ಒಂದು ಉದಾಹರಣೆಯನ್ನು ಮುಂದಿಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು, ವಯಸ್ಸು 71. ತಮ್ಮ ಸಂಬಳದಲ್ಲಿ ನಿವೇಶನ ಕೊಂಡು ಕಟ್ಟಿಸಿದ ಮನೆ ಅವರ ಹೆಸರಿನಲ್ಲಿದೆ. ಹಳ್ಳಿಯಲ್ಲಿ ಎರಡು ಎಕರೆ ಖುಷ್ಕಿ ಜಮೀನಿದೆ. ಅದು ತಂದೆ ಮತ್ತು ಅಣ್ಣತಮ್ಮಂದಿರ ಜೊತೆ ಮಾಡಿಕೊಂಡ ವಿಭಾಗದಲ್ಲಿ ಬಂದದ್ದು. ಹೆಂಡತಿ ಇದ್ದಾರೆ. ಮಗ ಜೊತೆಯಲ್ಲೇ ಇದ್ದಾನೆ, ಮಗಳು ಮದುವೆಯಾಗಿ ಶಿವಮೊಗ್ಗದಲ್ಲಿದ್ದಾಳೆ. ಮೇಲೊಂದು ಮಹಡಿ ಕಟ್ಟಲು ಬ್ಯಾಂಕ್ ಸಾಲ ಬೇಕು, ಅದಕ್ಕೆ ಮನೆ ತನ್ನ ಹೆಸರಿಗೆ ಬರಬೇಕು ಎಂದು ಮಗ ಹೇಳುತ್ತಿದ್ದಾನೆ. ಪತ್ರ ಬರಹಗಾರರನ್ನು ಕೇಳಿದರೆ, ‘ದಾನಪತ್ರ ಮಾಡಿಬಿಡಿ ಸಾರ್, ಖರ್ಚು ಕಡಿಮೆ, ಒಂದೇ ದಿನದ ಕೆಲಸ’ ಎನ್ನುತ್ತಾರೆ.

ಆ ಮಾತು ಸುಳ್ಳಲ್ಲ. ತಂದೆತಾಯಿ ಮಕ್ಕಳಿಗೆ ಮಾಡುವ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನಿಗದಿತ ಮೊತ್ತದ್ದು. ಆಸ್ತಿ ಹಳ್ಳಿಯಲ್ಲಿದೆಯೋ, ಪಟ್ಟಣದಲ್ಲಿದೆಯೋ, ಮಹಾನಗರದಲ್ಲಿದೆಯೋ ಎಂಬುದರ ಮೇಲೆ ಅದು ಬದಲಾಗುತ್ತದೆಯೇ ಹೊರತು, ಕ್ರಯಪತ್ರದ ಹಾಗೆ ಮಾರ್ಗಸೂಚಿ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಏರುವುದಿಲ್ಲ. ಆದರೆ ಅಗ್ಗವಾಗಿದೆ ಎಂಬ ಕಾರಣಕ್ಕೆ ದಾನಪತ್ರಕ್ಕೆ ಸಹಿ ಹಾಕುವವರು, ಸಹಿಯ ಮರುದಿನದಿಂದ ತಾವು ಆ ಮನೆಯ ಮಾಲೀಕರಲ್ಲ ಎಂಬುದನ್ನು ಅನೇಕ ಸಲ ಗಮನಿಸಿರುವುದೇ ಇಲ್ಲ.

ಮೊದಲು ಕೇಳಿಕೊಳ್ಳಬೇಕಾದದ್ದು: ಮಾಲೀಕತ್ವ ಯಾವತ್ತು ಹೋಗಬೇಕು?

ಎರಡು ಪತ್ರಗಳ ನಡುವಿನ ವ್ಯತ್ಯಾಸವೆಲ್ಲ ಈ ಒಂದು ಪ್ರಶ್ನೆಯಿಂದಲೇ ಹುಟ್ಟುತ್ತದೆ.

ಉಯಿಲು ಬರೆದವರು ತೀರಿಕೊಂಡ ಮೇಲೆ ಮಾತ್ರ ಅದಕ್ಕೆ ಜೀವ ಬರುತ್ತದೆ. ಅಲ್ಲಿಯವರೆಗೆ ಆಸ್ತಿ ನಿಮ್ಮದೇ. ಮಾರಬಹುದು, ಒತ್ತೆ ಇಡಬಹುದು, ಉಯಿಲನ್ನು ಹರಿದು ಹಾಕಿ ಬೇರೆ ಬರೆಯಬಹುದು. ನೋಂದಾಯಿಸಿದ ಉಯಿಲನ್ನು ಕೂಡ ಬದಲಿಸಬಹುದು; ಹಲವು ಉಯಿಲುಗಳಿದ್ದರೆ ಕೊನೆಯದು ನಡೆಯುತ್ತದೆ. ಉಯಿಲಿನಲ್ಲಿ ಹೆಸರಿರುವ ಮಗನಿಗೆ ನೀವು ಬದುಕಿರುವಾಗ ಆ ಆಸ್ತಿಯಲ್ಲಿ ಕಿಂಚಿತ್ತೂ ಹಕ್ಕು ಹುಟ್ಟುವುದಿಲ್ಲ.

ದಾನಪತ್ರ ಹಾಗಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ದಾನ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಂದಣಿಯಾಗಲೇಬೇಕು, ಮತ್ತು ದಾನ ಕೊಡುವವರು ಬದುಕಿರುವಾಗಲೇ ಪಡೆಯುವವರು ಅದನ್ನು ಒಪ್ಪಿಕೊಂಡಿರಬೇಕು. ಇಷ್ಟು ಆಯಿತೆಂದರೆ ಮಾಲೀಕತ್ವ ಅಂದೇ ಹೋಯಿತು. ಮನಸ್ಸು ಬದಲಾಯಿತು ಎಂದು ಹಿಂದಕ್ಕೆ ಪಡೆಯುವಂತಿಲ್ಲ. ‘ನನಗೆ ಬೇಕೆನಿಸಿದಾಗ ರದ್ದು ಮಾಡುತ್ತೇನೆ’ ಎಂದು ಪತ್ರದಲ್ಲಿ ಬರೆಸಿಕೊಂಡರೂ ಪ್ರಯೋಜನವಿಲ್ಲ; ಕೊಡುವವರ ಇಚ್ಛೆಯೊಂದನ್ನೇ ನೆಚ್ಚಿಕೊಂಡ ರದ್ದತಿಯ ಷರತ್ತಿಗೆ ಕಾನೂನಿನ ಬೆಲೆಯಿಲ್ಲ. ಮೋಸ, ಒತ್ತಾಯ, ಅನುಚಿತ ಪ್ರಭಾವದಿಂದ ಬರೆಸಿಕೊಂಡಿದ್ದಾರೆ ಎಂದಾದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಸಾಬೀತು ಮಾಡಬೇಕು. ನೀವೊಬ್ಬರೇ ಹೋಗಿ ‘ರದ್ದತಿ ಪತ್ರ’ವೊಂದನ್ನು ಬರೆದರೆ ದಾನ ರದ್ದಾಗುವುದಿಲ್ಲ.

ಎರಡನ್ನೂ ಬೆರೆಸಿದ ಪತ್ರಗಳು ಬೇರೆ ಇರುತ್ತವೆ. ತಲೆಬರಹ ‘ದಾನಪತ್ರ’, ಒಳಗೆ ‘ನನ್ನ ಮರಣಾನಂತರ ಈ ಸ್ವತ್ತಿಗೆ ನೀನೇ ಹಕ್ಕುದಾರನಾಗುವೆ’ ಎಂಬ ಸಾಲು. ನ್ಯಾಯಾಲಯ ತಲೆಬರಹ ನೋಡುವುದಿಲ್ಲ, ಹಕ್ಕು ಯಾವಾಗ ಹೋಗುತ್ತದೆ ಎಂದು ನೋಡುತ್ತದೆ. ಮರಣದ ನಂತರ ಎಂದಿದ್ದರೆ ಅದು ಉಯಿಲೇ; ಮುದ್ರಾಂಕ ಶುಲ್ಕ ಕಟ್ಟಿದ್ದರೂ, ನೋಂದಾಯಿಸಿದ್ದರೂ ಅಷ್ಟೆ. ಇಂಥ ಪತ್ರವನ್ನು ದಾನವೆಂದು ನಂಬಿ ಮನೆಗೆ ಹಣ ಸುರಿದ ಮಗನೂ ಕೆಡುತ್ತಾನೆ, ಬರೆದ ತಂದೆಯೂ ಕೆಡುತ್ತಾರೆ.

ಎರಡನೆಯದು: ಆಸ್ತಿ ನಿಜವಾಗಿ ಯಾರದು?

ನಮ್ಮ ಶಿಕ್ಷಕರ ಮನೆ ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ದಾನ ಮಾಡಬಹುದು, ಯಾರ ಹೆಸರಿಗೆ ಬೇಕಾದರೂ ಉಯಿಲು ಬರೆಯಬಹುದು. ಹಳ್ಳಿಯ ಜಮೀನು ಹಾಗಲ್ಲ. ವಿಭಾಗದಲ್ಲಿ ಬಂದ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ಮೇಲೆ ಮಗಳಿಗೂ ಅಷ್ಟೇ ಪಾಲಿದೆ. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿ ಚರ್ಚೆಗೆ ತೆರೆ ಎಳೆಯಿತು. ಪಹಣಿಯಲ್ಲಿ ತಂದೆಯ ಹೆಸರೊಂದೇ ಇದೆ ಎಂಬುದರಿಂದ ಮಕ್ಕಳ ಪಾಲು ಇಲ್ಲವಾಗುವುದಿಲ್ಲ.

ಇಲ್ಲಿ ಉಯಿಲಿಗೂ ದಾನಕ್ಕೂ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ತನಗಿರುವ ಅವಿಭಕ್ತ ಪಾಲನ್ನು ಹಿಂದೂ ವ್ಯಕ್ತಿ ಉಯಿಲಿನ ಮೂಲಕ ಕೊಡಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಇದನ್ನು ಒಪ್ಪುತ್ತದೆ. ಆದರೆ ಅದೇ ಅವಿಭಕ್ತ ಪಾಲನ್ನು ಉಳಿದ ಪಾಲುದಾರರ ಒಪ್ಪಿಗೆಯಿಲ್ಲದೆ ದಾನ ಮಾಡುವಂತಿಲ್ಲ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ, ಕುಟುಂಬದ ಯಜಮಾನ ಒಟ್ಟು ಆಸ್ತಿಯನ್ನು ‘ಪ್ರೀತಿ ವಿಶ್ವಾಸದಿಂದ’ ಕೊಟ್ಟ ದಾನ ಧರ್ಮಕಾರ್ಯಕ್ಕೆ ಕೊಟ್ಟದ್ದಾಗುವುದಿಲ್ಲ, ಅದು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ಕೊಟ್ಟಿದೆ. ‘ಪ್ರೀತಿ ವಿಶ್ವಾಸದಿಂದ’ ಎಂಬುದು ನಮ್ಮ ಬಹುಪಾಲು ದಾನಪತ್ರಗಳಲ್ಲಿ ಅಚ್ಚು ಹಾಕಿದಂತೆ ಬರುವ ಮಾತು.

ಹಾಗಾಗಿ ಜಮೀನಿನ ವಿಷಯದಲ್ಲಿ ದಾನಪತ್ರದ ಯೋಚನೆಯನ್ನೇ ಬಿಟ್ಟು, ತಂದೆ ಮತ್ತು ಮಕ್ಕಳು ಸೇರಿ ವಿಭಾಗ ಪತ್ರ ಮಾಡಿಕೊಳ್ಳುವುದು ಸರಿಯಾದ ದಾರಿ. ಮಗಳಿಗೆ ಬೇಡವಾದರೆ ಅವಳೇ ಹಕ್ಕು ಬಿಡುಗಡೆ ಪತ್ರ ಬರೆದುಕೊಡಲಿ. ಮಗಳನ್ನು ಕೇಳದೆ ಮಗನ ಹೆಸರಿಗೆ ಬರೆದು, ವರ್ಷಗಳ ನಂತರ ಅವಳು ಪಾಲಿಗಾಗಿ ದಾವೆ ಹಾಕಿದಾಗ ‘ಅವಳು ಹಾಗೆ ಮಾಡುವವಳಲ್ಲ ಎಂದುಕೊಂಡಿದ್ದೆವು’ ಎನ್ನುವ ಮನೆಗಳು ಪ್ರತಿ ತಾಲ್ಲೂಕಿನಲ್ಲಿಯೂ ಇವೆ.

ಮುಸ್ಲಿಂ ಕುಟುಂಬಗಳಿಗೆ ನಿಯಮವೇ ಬೇರೆ. ಉಯಿಲಿನಿಂದ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡಲು ವಾರಸುದಾರರ ಒಪ್ಪಿಗೆ ಬೇಕು. ಸುನ್ನಿಗಳಲ್ಲಿ ವಾರಸುದಾರರಲ್ಲೇ ಒಬ್ಬರಿಗೆ ಉಯಿಲು ಬರೆಯಬೇಕಾದರೆ ಉಳಿದವರ ಒಪ್ಪಿಗೆಯೂ ಬೇಕು. ಹಿಬಾ, ಅಂದರೆ ದಾನ, ಬದುಕಿರುವಾಗ ಎಷ್ಟನ್ನು ಬೇಕಾದರೂ ಮಾಡಬಹುದು, ಆದರೆ ಸ್ವಾಧೀನ ಬಿಟ್ಟುಕೊಡುವುದು ಅಲ್ಲಿ ಮುಖ್ಯ. ಮುಂದೆ ಹೇಳುವ ಲೆಕ್ಕಾಚಾರಗಳಲ್ಲಿ ಉತ್ತರಾಧಿಕಾರದ ಭಾಗ ಹಿಂದೂ ಕುಟುಂಬಗಳಿಗೆ ಸಂಬಂಧಿಸಿದ್ದು.

ಮೂರನೆಯದು: ಮಕ್ಕಳೇ ಮೊದಲು ಹೋದರೆ?

ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅಪಶಕುನವೆಂದು. ಆದರೂ ಕೇಳಲೇಬೇಕು.

ಶಿಕ್ಷಕರು ಮನೆಯನ್ನು ಮಗನಿಗೆ ದಾನ ಮಾಡಿದರು, ಎರಡು ವರ್ಷಕ್ಕೆ ಮಗ ಉಯಿಲು ಬರೆಯದೆ ತೀರಿಕೊಂಡ ಎನ್ನಿ. ಮನೆ ಈಗ ಮಗನ ಆಸ್ತಿ, ಆದ್ದರಿಂದ ಅವನ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮವಾಗಿ ಹೋಗುತ್ತದೆ. ತಾಯಿ ಪ್ರಥಮ ದರ್ಜೆಯ ವಾರಸುದಾರಳು, ತಂದೆ ಅಲ್ಲ. ಮನೆ ಕಟ್ಟಿಸಿದವರಿಗೇ ಅದರಲ್ಲಿ ಪಾಲಿಲ್ಲ.

ಮಗಳಿಗೆ ದಾನ ಮಾಡಿದ್ದರೆ ಇನ್ನೊಂದು ತೊಡಕು. ಮಕ್ಕಳಿಲ್ಲದ ಮಗಳು ಉಯಿಲು ಬರೆಯದೆ ತೀರಿಕೊಂಡರೆ, ತಂದೆತಾಯಿಯಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ ತಂದೆಯ ಕಡೆಯವರಿಗೆ ಮರಳುತ್ತದೆ ಎಂದು ಕಾನೂನಿನಲ್ಲಿದೆ. ಆದರೆ ಆ ರಕ್ಷಣೆ ಉತ್ತರಾಧಿಕಾರದಿಂದ ಬಂದ ಆಸ್ತಿಗೆ ಮಾತ್ರ. ದಾನವಾಗಿ ಬಂದದ್ದು ಅವಳ ಗಂಡನಿಗೆ, ಗಂಡನೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ ಹೋಗುತ್ತದೆ.

ಉಯಿಲಿನಲ್ಲಿ ಈ ತಲೆನೋವು ಕಡಿಮೆ. ಮಗ ಮೊದಲೇ ತೀರಿಕೊಂಡರೆ ತಂದೆ ಇನ್ನೊಂದು ಉಯಿಲು ಬರೆಯಬಹುದು. ಬರೆಯದಿದ್ದರೂ, ಮಗನಿಗೆ ಮಕ್ಕಳಿದ್ದರೆ ಅವನಿಗೆಂದು ಬರೆದದ್ದು ಅಷ್ಟಕ್ಕೇ ನಿಷ್ಫಲವಾಗುವುದಿಲ್ಲ. ‘ನನ್ನ ಮಗ ನನಗಿಂತ ಮೊದಲು ತೀರಿಕೊಂಡರೆ ಈ ಮನೆ ಅವನ ಮಕ್ಕಳಿಗೆ’ ಎಂಬ ಒಂದು ಸಾಲು ಬರೆದಿಟ್ಟರೆ ಗೊಂದಲವೇ ಉಳಿಯುವುದಿಲ್ಲ. ದಾನ ಮಾಡಿದ ಮೇಲೆ ಮನೆ ಮಗನಿಗೆ ಸಾಲ ಕೊಟ್ಟವರ ಕೈಗೂ ಸಿಗುತ್ತದೆ ಎಂಬುದನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನಾಲ್ಕನೆಯದು: ದಾನವೇ ಸರಿ ಎಂದಾದರೆ ಎರಡು ಷರತ್ತು ಬರೆಸಿ

ದಾನಕ್ಕೆ ಒಳ್ಳೆಯ ಕಾರಣಗಳೂ ಇವೆ. ಮಕ್ಕಳ ನಡುವೆ ಈಗಾಗಲೇ ಮನಸ್ತಾಪವಿದ್ದು, ನಿಮ್ಮ ನಂತರ ಉಯಿಲಿನ ಮೇಲೆ ದಾವೆ ಬೀಳುವುದು ಖಚಿತವೆನಿಸಿದರೆ ದಾನಪತ್ರ ಗಟ್ಟಿ. ಕೊಟ್ಟವರೇ ಬದುಕಿದ್ದು ‘ಹೌದು, ನಾನೇ ಕೊಟ್ಟೆ’ ಎನ್ನಬಲ್ಲರು. ಅಂಗವಿಕಲ ಮಗಳಿಗೆ ಒಂದು ಮನೆ ಈಗಲೇ ಖಾತ್ರಿಯಾಗಬೇಕು ಎಂಬುದು ಇನ್ನೊಂದು ಕಾರಣ. ನಿಮಗೆ ವಾಸಕ್ಕೆ ಬೇರೆ ಮನೆಯಿದ್ದು, ಎರಡನೆಯದನ್ನು ಕೊಡುತ್ತಿದ್ದರೆ ಚಿಂತೆಯೇ ಇಲ್ಲ. ತಂದೆಯಿಂದ ಪಡೆದ ದಾನಕ್ಕೆ ಮಕ್ಕಳು ಆದಾಯ ತೆರಿಗೆ ಕಟ್ಟಬೇಕಾಗಿಯೂ ಇಲ್ಲ.

ಆದರೆ ಇರುವುದು ಒಂದೇ ಮನೆ, ನೀವು ಅದರಲ್ಲೇ ಇರಬೇಕು ಎಂದಾದರೆ ಎರಡು ಮಾತು ಪತ್ರದೊಳಗೇ ಬರಬೇಕು. ಮೊದಲನೆಯದು, ನಿಮ್ಮ ಜೀವಿತಾವಧಿಯ ಅನುಭೋಗದ ಹಕ್ಕು. ಮಾಲೀಕತ್ವವನ್ನು ಈಗಲೇ ಕೊಟ್ಟು, ವಾಸ ಮತ್ತು ಬಾಡಿಗೆಯನ್ನು ತಮಗೆ ಉಳಿಸಿಕೊಂಡ ಮಾತ್ರಕ್ಕೆ ದಾನ ಅಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಎರಡನೆಯದು, ಪೋಷಣೆಯ ಷರತ್ತು. ಇದು ಏಕೆ ಬೇಕು ಎಂದರೆ, 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ನೆರವಿಗೆ ಬರುವುದು ಈ ಷರತ್ತಿನ ಮೂಲಕ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ, 60 ದಾಟಿದ ತಂದೆತಾಯಿ ನ್ಯಾಯಮಂಡಳಿಯ ಮೂಲಕ ದಾನವನ್ನು ರದ್ದು ಮಾಡಿಸಬಹುದು. ಕರ್ನಾಟಕದಲ್ಲಿ ಆ ನ್ಯಾಯಮಂಡಳಿ ಉಪವಿಭಾಗಾಧಿಕಾರಿಯವರದು. ಸಿವಿಲ್ ದಾವೆಗಿಂತ ಬೇಗ ಮುಗಿಯುವ ದಾರಿ.

ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ಏನಾಗುತ್ತದೆ? ಷರತ್ತು ಇತ್ತೆಂದು ತೋರಿಸದೆ 23ನೇ ಕಲಂ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು ಹಿರಿಯರ ಪರವಾಗಿ ಕಾನೂನನ್ನು ಉದಾರವಾಗಿ ಓದಬೇಕು, ಸ್ವಾಧೀನವನ್ನೂ ಮರಳಿ ಕೊಡಿಸಬಹುದು ಎಂದಿತು. ಆ ಪ್ರಕರಣದಲ್ಲಿಯೂ ಮಗ ನೋಡಿಕೊಳ್ಳುವುದಾಗಿ ಬರೆದುಕೊಟ್ಟಿದ್ದನೆಂಬ ಕಾಗದವೊಂದು ತಾಯಿಯ ಕೈಯಲ್ಲಿತ್ತು. ‘ಮಗ ನೋಡಿಕೊಳ್ಳದೆ ಇರುತ್ತಾನೆಯೇ’ ಎಂಬ ದಾಕ್ಷಿಣ್ಯದಿಂದ ಆ ಸಾಲನ್ನು ಬಿಡಬೇಡಿ. ಸಾಲು ಹೀಗಿರಬಹುದು:

‘ಷೆಡ್ಯೂಲು ಸ್ವತ್ತಿನ ಮಾಲೀಕತ್ವವನ್ನು ಈ ದಿನವೇ ನಿನಗೆ ವರ್ಗಾಯಿಸಿದ್ದೇನೆ. ನಾನು ಮತ್ತು ನನ್ನ ಹೆಂಡತಿ ಬದುಕಿರುವವರೆಗೆ, ನಮ್ಮಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಬದುಕಿರುವವರೆಗೆ, ನೆಲಮಹಡಿಯಲ್ಲಿ ವಾಸಿಸುವ ಮತ್ತು ಅದರ ಬಾಡಿಗೆ ಪಡೆಯುವ ಹಕ್ಕನ್ನು ಉಳಿಸಿಕೊಂಡಿದ್ದೇನೆ. ನಮ್ಮ ಊಟ, ಬಟ್ಟೆ, ವಸತಿ, ಔಷಧೋಪಚಾರಗಳನ್ನು ನೀನು ನೋಡಿಕೊಳ್ಳಬೇಕೆಂಬ ಷರತ್ತಿಗೆ ಒಳಪಟ್ಟು ಈ ದಾನ ಮಾಡಿದ್ದೇನೆ. ನೀನು ಈ ಷರತ್ತಿಗೆ ಒಪ್ಪಿ ದಾನವನ್ನು ಸ್ವೀಕರಿಸಿರುತ್ತೀಯೆ.’

‘ಇನ್ನೊಬ್ಬರು ಬದುಕಿರುವವರೆಗೆ’ ಎಂಬ ಮಾತು ಬಿಟ್ಟುಹೋದರೆ, ಗಂಡ ತೀರಿಕೊಂಡ ಮೇಲೆ ಹೆಂಡತಿ ಯಾವ ಹಕ್ಕಿನಿಂದ ಆ ಮನೆಯಲ್ಲಿದ್ದಾಳೆ ಎಂಬ ಪ್ರಶ್ನೆ ಏಳುತ್ತದೆ.

ನೋಂದಣಿಯ ಕ್ರಮ ಈಗ ಬಹುಮಟ್ಟಿಗೆ ಕಾವೇರಿ 2.0 ಜಾಲತಾಣದಲ್ಲಿ ಆರಂಭವಾಗುತ್ತದೆ. ಪತ್ರದ ಕರಡು, ಇ-ಖಾತಾ, ಗುರುತಿನ ದಾಖಲೆಗಳನ್ನು ಅಲ್ಲಿ ಸಲ್ಲಿಸಬೇಕು. ಉಪನೋಂದಣಾಧಿಕಾರಿ ಪರಿಶೀಲಿಸಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ, ದಿನ ಮತ್ತು ವೇಳೆ ಗೊತ್ತುಮಾಡಿಕೊಂಡು ಇಬ್ಬರು ಸಾಕ್ಷಿಗಳೊಂದಿಗೆ ಹೋಗಬೇಕು. ಫೋಟೊ, ಹೆಬ್ಬೆರಳಿನ ಗುರುತು ಅಲ್ಲಿಯೇ. ಕರಡನ್ನು ಜಾಲತಾಣಕ್ಕೆ ಏರಿಸುವ ಮೊದಲು ಮನೆಯಲ್ಲಿ ಕೂತು ಗಟ್ಟಿಯಾಗಿ ಓದಿಸಿ ಕೇಳಿ. ನೋಂದಣಿಯ ದಿನ ಅಲ್ಲಿನ ಗದ್ದಲದಲ್ಲಿ ಯಾರೂ ಓದುವುದಿಲ್ಲ. ಕೃಷಿ ಜಮೀನಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ, ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಮೊದಲೇ ಆಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ದಾನವೂ ಪರಭಾರೆಯೇ. ಸರ್ಕಾರದ ಅನುಮತಿಯ ವಿಷಯ ಮೊದಲು ವಿಚಾರಿಸಿ.

ಐದನೆಯದು: ಉಯಿಲನ್ನು ಬೀಳದಂತೆ ಬರೆಯುವುದು

ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ. ಬಿಳಿ ಹಾಳೆ ಸಾಕು, ನೋಂದಣಿ ಕಡ್ಡಾಯವಲ್ಲ. ಕಡ್ಡಾಯವಾದದ್ದು ಬರೆಯುವವರ ಸಹಿ ಮತ್ತು ಅದನ್ನು ಕಂಡ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಇಷ್ಟು ಸುಲಭವಾದದ್ದರಿಂದಲೇ ಅದು ಹೆಚ್ಚು ಅನುಮಾನಕ್ಕೆ ಒಳಗಾಗುತ್ತದೆ. ಬರೆದವರು ಸಾಕ್ಷಿ ಹೇಳಲು ಇರುವುದಿಲ್ಲ.

ಈ ವಿಷಯದಲ್ಲಿ ದೇಶದ ನ್ಯಾಯಾಲಯಗಳೆಲ್ಲ ಇಂದಿಗೂ ಉಲ್ಲೇಖಿಸುವ ತೀರ್ಪು ಮೈಸೂರು ರಾಜ್ಯದ ಪ್ರಕರಣವೊಂದರದು: ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಅವರ ನಡುವಿನದು, 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು. ನಡುಗುವ ಸಹಿ, ಕುಗ್ಗಿದ ಬುದ್ಧಿಶಕ್ತಿ, ಸಹಜ ವಾರಸುದಾರರನ್ನು ಕಾರಣವಿಲ್ಲದೆ ಬಿಟ್ಟಿರುವುದು, ಲಾಭ ಪಡೆಯುವವನೇ ಉಯಿಲು ಬರೆಸಲು ಮುಂದೆ ನಿಂತಿರುವುದು, ಇಂಥ ಸಂಶಯಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದೇ ಎಂದು ಅದು ಹೇಳಿತು. ಉಯಿಲು ಬರೆಸುವಾಗ ಈ ಪಟ್ಟಿಯನ್ನು ತಿರುವಿ ಓದಿಕೊಂಡರೆ ಮಾಡಬೇಕಾದದ್ದೆಲ್ಲ ತಿಳಿಯುತ್ತದೆ.

ಮಗನಿಗೆ ಹೆಚ್ಚು ಹೋಗುವುದಾದರೆ ಮಗ ವಕೀಲರ ಬಳಿಗೂ ಬರಬಾರದು, ನೋಂದಣಿ ಕಚೇರಿಗೂ ಬರಬಾರದು. ಅವನ ಮಾವನೋ ಸ್ನೇಹಿತನೋ ಸಾಕ್ಷಿಯಾಗಬಾರದು. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ. 75ರ ಗೆಳೆಯರಿಬ್ಬರು ಸಹಿ ಹಾಕಿದರೆ ಉಯಿಲು ಜಾರಿಗೆ ಬರುವ ಹೊತ್ತಿಗೆ ನ್ಯಾಯಾಲಯಕ್ಕೆ ಕರೆಯಲು ಯಾರೂ ಇರುವುದಿಲ್ಲ. ನಿಮ್ಮನ್ನು ನೋಡುತ್ತಿರುವ ವೈದ್ಯರು ಒಬ್ಬ ಸಾಕ್ಷಿಯಾದರೆ ಮತ್ತೂ ಒಳ್ಳೆಯದು. ಮಗಳಿಗೆ ಮನೆಯಲ್ಲಿ ಪಾಲು ಕೊಡದಿದ್ದರೆ ಕಾರಣವನ್ನು ಒಂದೆರಡು ಸಾಲಿನಲ್ಲಿ ಬರೆಯಿರಿ: ‘ಮಗಳಿಗೆ ಬ್ಯಾಂಕಿನಲ್ಲಿರುವ ನನ್ನ ಠೇವಣಿಗಳನ್ನು ಕೊಟ್ಟಿರುವುದರಿಂದ’ ಎಂಬಷ್ಟು. ಅವಳ ಹೆಸರನ್ನೇ ಎತ್ತದೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಠೇವಣಿಯ ನಾಮಿನಿ ಬೇರೆಯವರಿದ್ದರೆ ಅದನ್ನೂ ಉಯಿಲಿಗೆ ಹೊಂದುವಂತೆ ಬದಲಿಸಿ.

ಕಡ್ಡಾಯವಲ್ಲದಿದ್ದರೂ ನೋಂದಾಯಿಸಿ. ಶುಲ್ಕ ಅಲ್ಪ, ಪತ್ರ ಕಳೆದುಹೋದರೂ ನಕಲು ಸಿಗುತ್ತದೆ. ನೀವು ಬದುಕಿರುವಾಗ ಆ ನಕಲು ಬೇರೆಯವರಿಗೆ ಸಿಗುವುದಿಲ್ಲ. ಹಾಸಿಗೆ ಹಿಡಿದವರ ಮನೆಗೆ ಅಧಿಕಾರಿಯೇ ಬಂದು ನೋಂದಾಯಿಸುವ ಅವಕಾಶವೂ ಇದೆ. ಆದರೆ ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಮೇಲಿನ ಸಂಶಯಗಳು ತೊಳೆದುಹೋಗುವುದಿಲ್ಲ.

ಶಿಕ್ಷಕರು ಏನು ಮಾಡಬಹುದು?

ಜಮೀನು ವಿಭಾಗಕ್ಕೆ ಹೋಯಿತು. ಉಳಿದದ್ದು ಮನೆ. ಮಗನಿಗೆ ಬೇಕಾಗಿರುವುದು ಸಾಲ. ಅದಕ್ಕೆ ಮಾಲೀಕತ್ವವೇ ಆಗಬೇಕೆಂದಿಲ್ಲ. ಮನೆ ತಂದೆಯ ಹೆಸರಿನಲ್ಲಿದ್ದರೆ ತಂದೆಯನ್ನು ಸಹ-ಸಾಲಗಾರರನ್ನಾಗಿ ಸೇರಿಸಿ ಮಗನ ಆದಾಯದ ಮೇಲೆ ಸಾಲ ಕೊಡುವುದು ಬ್ಯಾಂಕುಗಳಲ್ಲಿ ಸಾಮಾನ್ಯ. ಕಂತು ಕಟ್ಟದಿದ್ದರೆ ಮನೆಗೆ ಅಪಾಯ ಎಂಬುದು ನಿಜ, ಆದರೆ ದಾನ ಮಾಡಿದ್ದರೂ ಆ ಅಪಾಯ ಇದ್ದೇ ಇರುತ್ತಿತ್ತು. ಜೀವಿತಾವಧಿ ಹಕ್ಕು ಉಳಿಸಿಕೊಂಡ ದಾನಪತ್ರದ ಮೇಲೆ ಸಾಲ ಕೇಳಿದರೆ, ಆ ಹಕ್ಕಿರುವ ತಂದೆತಾಯಿಯೂ ಸಹಿ ಹಾಕಲಿ ಎಂದು ಬ್ಯಾಂಕ್ ಕೇಳುವುದು ಸಹಜ. ಅಂದರೆ ದಾನದಿಂದ ಮಗನಿಗೆ ಸಾಲದ ಮಟ್ಟಿಗೆ ಹೆಚ್ಚೇನೂ ಸಿಗಲಿಲ್ಲ.

ಆದ್ದರಿಂದ ನನ್ನ ಆಯ್ಕೆ ಉಯಿಲು. ತಮ್ಮ ನಂತರ ಮನೆ ಹೆಂಡತಿಗೆ, ಹೆಂಡತಿ ಮೊದಲೇ ತೀರಿಕೊಂಡಿದ್ದರೆ ಮಗನಿಗೆ, ಠೇವಣಿಗಳು ಮಗಳಿಗೆ, ಇಲ್ಲಿ ಹೇಳದೆ ಉಳಿದ ಆಸ್ತಿ ಇಬ್ಬರಿಗೂ ಸಮವಾಗಿ. ಹೆಂಡತಿಯೂ ಅದೇ ದಿನ ತಮ್ಮದೊಂದು ಉಯಿಲು ಬರೆಯಲಿ. ಗಂಡನಿಂದ ಬರುವ ಮನೆ ತಮ್ಮ ನಂತರ ಯಾರಿಗೆ ಎಂಬುದನ್ನು ಅವರೇ ಹೇಳಬೇಕು. ಸಾಲ ತೀರುವ ಮೊದಲೇ ಶಿಕ್ಷಕರು ಹೋದರೆ ಮನೆ ಸಾಲದ ಹೊರೆಯೊಂದಿಗೇ ಹೋಗುತ್ತದೆ, ಹಾಗಾಗಿ ಬಾಕಿ ಕಂತು ಮಗನೇ ಕಟ್ಟಬೇಕೆಂದು ಉಯಿಲಿನಲ್ಲಿ ಬರೆಯಬೇಕು.

ಆಮೇಲಿನ ಕಾಗದ ಪತ್ರ

ದಾನಪತ್ರವಾದರೆ ಕೂಡಲೇ ಖಾತೆ ಬದಲಾವಣೆಯ ಕೆಲಸ ನೋಡಿಕೊಳ್ಳಬೇಕು, ಸ್ವಲ್ಪ ದಿನದ ನಂತರ ಋಣಭಾರ ಪ್ರಮಾಣಪತ್ರ ತೆಗೆಸಿ ದಾನ ಅದರಲ್ಲಿ ದಾಖಲಾಗಿದೆಯೇ ಎಂದು ನೋಡಬೇಕು. ಉಯಿಲು ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸುವುದಿಲ್ಲ. ಅದು ಎಲ್ಲಿದೆ ಎಂದು ಯಾರಿಗೂ ತಿಳಿಯದಿದ್ದರೆ ಬರೆದೂ ಬರೆಯದಂತೆ. ನೋಂದಣಿ ಸಂಖ್ಯೆ, ದಿನಾಂಕ, ಕಚೇರಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಹೆಂಡತಿಗೂ ಮಗಳಿಗೂ ಕೊಡಬಹುದು. ಒಳಗೆ ಏನಿದೆ ಎಂದು ಹೇಳಬೇಕಾಗಿಲ್ಲ. ಕಾಲ ಬಂದಾಗ ಅವರು ಮರಣ ಪ್ರಮಾಣಪತ್ರ, ಉಯಿಲಿನ ದೃಢೀಕೃತ ನಕಲು, ವಂಶವೃಕ್ಷಗಳನ್ನು ಲಗತ್ತಿಸಿ ಖಾತೆಗೆ ಅರ್ಜಿ ಹಾಕುತ್ತಾರೆ. ಯಾರಾದರೂ ಉಯಿಲೇ ಸುಳ್ಳೆಂದು ತಕರಾರು ಎತ್ತಿದರೆ ಮಹಾನಗರ ಪಾಲಿಕೆಯಾಗಲಿ ತಹಶೀಲ್ದಾರರಾಗಲಿ ಅದನ್ನು ತೀರ್ಮಾನಿಸುವುದಿಲ್ಲ, ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎನ್ನುತ್ತಾರೆ. ಆಗ ಬೇಕಾಗುವವರು ಆ ಇಬ್ಬರು ಸಾಕ್ಷಿಗಳು. ಅವರ ಪೂರ್ಣ ವಿಳಾಸ ಮತ್ತು ಮೊಬೈಲ್ ಸಂಖ್ಯೆಯೂ ಉಯಿಲಿನಲ್ಲಿರಲಿ.